ಗಾಣದ ಎಣ್ಣೆಯ ಸೀಸೆಯ ಮೇಲಿನ ಮಾತು

ಅಲಂಕಾರಶಾಸ್ತ್ರದಲ್ಲಿ ಅತಿಶಯೋಕ್ತಿಗೆ ಮಾನ್ಯವಾದ ಸ್ಥಾನವುಂಟು. ನಾಯಕಿಯ ಮುಖಕಾಂತಿಯಿಂದ ಅಮಾವಾಸ್ಯೆಯ ಇರುಳೂ ಬೆಳದಿಂಗಳಾಯಿತೆಂದು ಕವಿ ವರ್ಣಿಸಿದರೆ ಯಾವ ಸಹೃದಯನೂ ಅವನನ್ನು ಸುಳ್ಳುಗಾರನೆಂದು ಕರೆಯುವುದಿಲ್ಲ. ಹೇಳುವವನಿಗೂ ಕೇಳುವವನಿಗೂ ನಡುವೆ ಅಂಥದೊಂದು ಒಡಂಬಡಿಕೆ ಕಾವ್ಯ ಮೊದಲಾಗುವುದಕ್ಕೆ ಮುಂಚೆಯೇ ಏರ್ಪಟ್ಟಿರುತ್ತದೆ. ಆದರೆ ದಿನಸಿ ಅಂಗಡಿಯ ಮುಂದೆ ನಿಂತು, ಒಂದು ಕೈಯಲ್ಲಿ ಚೀಲವನ್ನೂ ಇನ್ನೊಂದು ಕೈಯಲ್ಲಿ ಎಣ್ಣೆಯ ಸೀಸೆಯನ್ನೂ ಹಿಡಿದು, ಇದನ್ನು ಕೊಳ್ಳುವುದೋ ಬಿಡುವುದೋ ಎಂದು ಯೋಚಿಸುತ್ತಿರುವ ಗೃಹಿಣಿಗೂ ಆ ಸೀಸೆಯ ಮೇಲಿನ ಒಕ್ಕಣೆಯನ್ನು ಬರೆದವನಿಗೂ ನಡುವೆ ಅಂಥ ಒಡಂಬಡಿಕೆ ಯಾವುದೂ ಇಲ್ಲ. ಆಕೆ ದುಡ್ಡು ಕೊಡುವವಳು. ಅಲ್ಲಿ ಬರೆದುದನ್ನು ನಂಬಿ ಕೊಡುವವಳು. ನಂಬಿಕೆ ಒಮ್ಮೆ ಕೆಟ್ಟರೆ ಮತ್ತೆ ಆ ಸೀಸೆಯನ್ನು ಕೈಯಿಂದ ಮುಟ್ಟದವಳು. ಜಾಹೀರಾತಿನ ಬರಹಗಾರರು ಈ ವ್ಯತ್ಯಾಸವನ್ನು ಮರೆಯುವುದರಿಂದ ಕೊಳ್ಳುವವರಿಗೆ ಆಗುವ ನಷ್ಟವನ್ನು ಎಲ್ಲರೂ ಬಲ್ಲರು. ಮಾರುವವರಿಗೆ ಆಗುವ ನಷ್ಟವನ್ನು ಬಲ್ಲವರು ಕಡಮೆ. ಈ ಬರಹ ಮುಖ್ಯವಾಗಿ ಆ ಎರಡನೆಯ ನಷ್ಟವನ್ನು ಕುರಿತದ್ದು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದೇ ಪದಾರ್ಥವನ್ನು ಹಿಡಿದುಕೊಳ್ಳುತ್ತೇನೆ: ಮರದ ಗಾಣದಲ್ಲಿ ತೆಗೆದ ಕಡಲೆಕಾಯಿ ಎಣ್ಣೆ. ಚಳ್ಳಕೆರೆ, ಪಾವಗಡ, ಶಿರಾಗಳ ಕಡೆಯ ಒಣಭೂಮಿಯಲ್ಲಿ ಕಡಲೆಕಾಯಿ ಬೆಳೆಯುವುದೂ ಅದರಿಂದ ಎಣ್ಣೆ ತೆಗೆಯುವುದೂ ಹಳೆಯ ಕಸುಬು; ಚಳ್ಳಕೆರೆಗೆ ಎಣ್ಣೆಯ ನಗರವೆಂಬ ಹೆಸರೇ ಉಂಟು. ಈಚಿನ ವರ್ಷಗಳಲ್ಲಿ ವಿದ್ಯುತ್ತಿನಿಂದ ತಿರುಗುವ ಮರದ ಗಾಣಗಳು ಊರೂರಿನಲ್ಲಿ ತಲೆಯೆತ್ತಿ, ಅವುಗಳ ಎಣ್ಣೆ ಪೇಟೆಯ ಬೀದಿಗಳಲ್ಲಿ ಸೀಸೆ ಸೀಸೆಯಾಗಿ ಮಾರಾಟವಾಗುತ್ತಿದೆ. ಈ ಎಣ್ಣೆಯ ಬೆಲೆ ಪಕ್ಕದಲ್ಲಿಟ್ಟಿರುವ ರಿಫೈನ್ಡ್ ಎಣ್ಣೆಯ ಬೆಲೆಗಿಂತ ಬಹಳ ಹೆಚ್ಚು. ಆ ಹೆಚ್ಚಿನ ಬೆಲೆಗೆ ಸಮಾಧಾನ ಹೇಳುವ ಹೊಣೆಯೆಲ್ಲ ಸೀಸೆಯ ಮೇಲಿನ ನಾಲ್ಕು ಸಾಲಿನ ಮೇಲೆ ಬೀಳುವುದರಿಂದ, ಆ ನಾಲ್ಕು ಸಾಲೂ ಸಾಮಾನ್ಯವಾಗಿ ಕೂಗಾಟಕ್ಕೆ ತೊಡಗುತ್ತವೆ. ಹಲವು ಸೀಸೆಗಳಲ್ಲಿ ಕಾಣುವ ಮಾತುಗಳನ್ನು ಒಟ್ಟುಗೂಡಿಸಿ ಒಂದು ಮಾದರಿಯನ್ನು ಇಲ್ಲಿ ಕೊಡುತ್ತೇನೆ. ಇದು ಯಾವ ಒಬ್ಬರದೂ ಅಲ್ಲ, ಎಲ್ಲರದೂ ಹೌದು.

“ನೂರಕ್ಕೆ ನೂರು ಪರಿಶುದ್ಧ! ನಾಡಿನ ಅತ್ಯುತ್ತಮ ಗಾಣದ ಎಣ್ಣೆ! ಕೊಲೆಸ್ಟ್ರಾಲ್ ಮುಕ್ತ! ಯಾವುದೇ ರಾಸಾಯನಿಕವಿಲ್ಲ! ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಮಂಡಿನೋವುಗಳಿಗೆ ರಾಮಬಾಣ! ವೈದ್ಯರೇ ಮೆಚ್ಚಿದ ಅಮೃತ! ಒಮ್ಮೆ ಬಳಸಿದರೆ ಬಿಡಲಾರಿರಿ!”

ಇದನ್ನು ಬರೆಸಿದ ಗಾಣದವನು ವಂಚಕನೆಂದು ತಿಳಿಯಬೇಕಾಗಿಲ್ಲ. ಅನೇಕ ವೇಳೆ ಅವನ ಎಣ್ಣೆ ನಿಜವಾಗಿಯೂ ಒಳ್ಳೆಯದಾಗಿರುತ್ತದೆ. ಅದನ್ನು ಹೇಗೆ ಹೇಳಬೇಕೆಂಬುದು ತಿಳಿಯದೆ, ಪಕ್ಕದ ಸೀಸೆ ಕೂಗಿದುದಕ್ಕಿಂತ ತುಸು ಗಟ್ಟಿಯಾಗಿ ಕೂಗುವುದೊಂದೇ ಉಪಾಯವೆಂದು ಅವನು ಭಾವಿಸಿರುತ್ತಾನೆ. ಕಾನೂನು ಈ ಕೂಗಿಗೆ ಏನು ಹೇಳುತ್ತದೆಂಬುದನ್ನು ಸಂಕ್ಷೇಪವಾಗಿ ನೋಡಿ ಮುಂದಕ್ಕೆ ಹೋಗಬಹುದು. ಹೃದ್ರೋಗ, ಮಧುಮೇಹ ಮೊದಲಾದ ರೋಗಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರಷ್ಟು ಹಿಂದೆಯೇ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿತು. 2006ರ ಆಹಾರ ಸುರಕ್ಷತೆ ಕಾಯಿದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಯವರೆಗೆ ದಂಡವುಂಟು. ಆ ಕಾಯಿದೆಯ ಕೆಳಗೆ 2018ರಲ್ಲಿ ಬಂದ ನಿಯಮಗಳು, ವೈದ್ಯರು ಮೆಚ್ಚಿದ್ದಾರೆಂದು ಆಹಾರದ ಮೇಲೆ ಬರೆಯಕೂಡದೆಂದೂ, ಶುದ್ಧ, ನೈಸರ್ಗಿಕ, ಸಾಂಪ್ರದಾಯಿಕ ಎಂಬಂಥ ಮಾತುಗಳನ್ನು ಗೊತ್ತುಮಾಡಿದ ಷರತ್ತುಗಳಿಗೆ ಒಳಪಟ್ಟು ಮಾತ್ರ ಬಳಸಬೇಕೆಂದೂ ವಿಧಿಸಿವೆ. ಖಾದ್ಯತೈಲಕ್ಕಂತೂ ಇನ್ನೂ ವಿಶೇಷವಾದ ಕಟ್ಟಳೆಯಿತ್ತು: ಕೊಲೆಸ್ಟ್ರಾಲಿನೊಡನೆ ಹೋರಾಡುವ ಎಣ್ಣೆ, ಹೃದಯಕ್ಕೆ ಹಿತವಾದ ಎಣ್ಣೆ, ಡಬಲ್ ರಿಫೈನ್ಡ್, ಅಲ್ಟ್ರಾ ರಿಫೈನ್ಡ್ ಮುಂತಾದ ಪ್ರಯೋಗಗಳನ್ನು 2011ರ ಲೇಬಲಿನ ನಿಯಮಗಳು ಒಂದೊಂದಾಗಿ ಹೆಸರಿಸಿಯೇ ತಡೆದಿದ್ದವು. ಹೀಗಾಗಿ ನಮ್ಮ ಮಾದರಿಯ ಏಳು ಉದ್ಗಾರಗಳಲ್ಲಿ ಎರಡು ನೇರವಾಗಿ ಅಪರಾಧ, ಉಳಿದವುಗಳಲ್ಲಿ ಹೆಚ್ಚಿನವು ಅಪರಾಧದ ಅಂಚು.

ಆದರೆ ದಂಡಕ್ಕೆ ಹೆದರಿ ಮಾತನ್ನು ತಗ್ಗಿಸುವವನ ಬರಹ ನಿಸ್ಸತ್ವವಾಗುತ್ತದೆ. “ಅತ್ಯುತ್ತಮ” ಎಂಬುದನ್ನು “ಉತ್ತಮ” ಎಂದು, “ರಾಮಬಾಣ” ಎಂಬುದನ್ನು “ಸಹಕಾರಿಯಾಗಬಹುದು” ಎಂದು ತಿದ್ದಿದರೆ ಸುಳ್ಳು ಸಣ್ಣದಾಯಿತೇ ಹೊರತು ಸತ್ಯ ಬಂದು ಸೇರಲಿಲ್ಲ. ಓದಿದವರಿಗೆ ಕೊಳ್ಳಲು ಇದ್ದ ಒಂದು ಕಾರಣ ಹೋಯಿತು, ಅದರ ಸ್ಥಾನದಲ್ಲಿ ಬೇರೆ ಕಾರಣ ಹುಟ್ಟಲಿಲ್ಲ. ವಿಶೇಷಣವನ್ನು ಮತ್ತೊಂದು ವಿಶೇಷಣದಿಂದ ತಗ್ಗಿಸಬಾರದು. ಆ ವಿಶೇಷಣ ಯಾವ ಸಂಗತಿಯಿಂದ ಹುಟ್ಟಿತೋ ಆ ಸಂಗತಿಯನ್ನು ಹುಡುಕಿ ತಂದು ವಿಶೇಷಣದ ಜಾಗದಲ್ಲಿ ನಿಲ್ಲಿಸಬೇಕು. ಸಂಗತಿ ಸಿಕ್ಕದಿದ್ದರೆ ಆ ವಾಕ್ಯವನ್ನೇ ಬಿಡಬೇಕು. ಈ ಕೆಲಸದ ತಿರುಳೆಲ್ಲ ಇಷ್ಟೆ. ಇದು ಎಷ್ಟು ಕಷ್ಟವೆಂಬುದು ಮಾಡತೊಡಗಿದಾಗ ತಿಳಿಯುತ್ತದೆ.

ಸಂಗತಿಗೆ ಇರುವ ಬಲವನ್ನು ತೋರಿಸುವ ಒಂದು ಹಳೆಯ ಮೊಕದ್ದಮೆ ಇಂಗ್ಲೆಂಡಿನದು. ಕಾನೂನು ಓದಿದವರೆಲ್ಲರೂ ಅದನ್ನು ಬಲ್ಲರು. 1891ರಲ್ಲಿ ಲಂಡನ್ನಿನ ಕಾರ್ಬಾಲಿಕ್ ಸ್ಮೋಕ್ ಬಾಲ್ ಎಂಬ ಕಂಪೆನಿ, ತನ್ನ ಹೊಗೆಯ ಚೆಂಡನ್ನು ದಿನಕ್ಕೆ ಮೂರು ಬಾರಿಯಂತೆ ಎರಡು ವಾರ ಸೇದಿದ ಮೇಲೂ ಇನ್‌ಫ್ಲುಯೆಂಜಾ ತಗಲಿದವರಿಗೆ ನೂರು ಪೌಂಡು ಕೊಡುವುದಾಗಿಯೂ, ಆ ವಾಗ್ದಾನಕ್ಕೆ ಸಾಕ್ಷಿಯಾಗಿ ಬ್ಯಾಂಕಿನಲ್ಲಿ ಸಾವಿರ ಪೌಂಡು ಇಟ್ಟಿರುವುದಾಗಿಯೂ ಪತ್ರಿಕೆಗಳಲ್ಲಿ ಪ್ರಕಟಿಸಿತು. ಶ್ರೀಮತಿ ಕಾರ್ಲಿಲ್ ಎಂಬಾಕೆ ಕೊಂಡು, ಹೇಳಿದಂತೆಯೇ ಸೇದಿ, ಜ್ವರವನ್ನೂ ತಂದುಕೊಂಡು ಹಣ ಕೇಳಿದರು. ಅದು ಮಾರಾಟಗಾರರ ಬರಿಯ ಉಬ್ಬುಮಾತು, ಅದನ್ನು ಯಾರೂ ಅಕ್ಷರಶಃ ತೆಗೆದುಕೊಳ್ಳಬಾರದು ಎಂಬುದು ಕಂಪೆನಿಯ ವಾದ. ಮೇಲ್ಮನವಿಯ ನ್ಯಾಯಾಲಯ ಇದನ್ನು ಒಪ್ಪಲಿಲ್ಲ: ಬ್ಯಾಂಕಿನಲ್ಲಿ ಹಣವಿಟ್ಟಿದ್ದೇವೆಂದು ಹೇಳಿದ ಮೇಲೆ ಅದು ಉಬ್ಬುಮಾತಲ್ಲ, ಮಾತು ಕೊಟ್ಟಂತೆ ಎಂದು ತೀರ್ಪಾಯಿತು. ಕಾನೂನಿನ ವಿದ್ಯಾರ್ಥಿ ಇದರಿಂದ ಕರಾರಿನ ತತ್ತ್ವವನ್ನು ಕಲಿಯುತ್ತಾನೆ. ಜಾಹೀರಾತಿನ ಬರಹಗಾರನು ಕಲಿಯಬೇಕಾದುದು ಬೇರೆ. ನಮ್ಮ ಚೆಂಡು ಸರ್ವಶ್ರೇಷ್ಠವೆಂದು ಮಾತ್ರ ಆ ಕಂಪೆನಿ ಬರೆದಿದ್ದರೆ ಯಾವ ನ್ಯಾಯಾಲಯವೂ ಅದನ್ನು ಹಿಡಿಯುತ್ತಿರಲಿಲ್ಲ. ಬಹುಶಃ ಯಾರೂ ಅದನ್ನು ನಂಬುತ್ತಲೂ ಇರಲಿಲ್ಲ. ದಿನಕ್ಕೆ ಇಷ್ಟು ಸಲ, ಇಷ್ಟು ವಾರ, ಇಷ್ಟು ಹಣ, ಇಂಥ ಬ್ಯಾಂಕು ಎಂಬ ಖಚಿತತೆಯೇ ಆಕೆಯನ್ನು ನಂಬಿಸಿತು, ಆ ಖಚಿತತೆಯೇ ಕಂಪೆನಿಯನ್ನು ಕಟ್ಟಿಹಾಕಿತು. ನಂಬಿಸುವ ಗುಣವೂ ಹೊಣೆಗಾರನನ್ನಾಗಿಸುವ ಗುಣವೂ ಒಂದೇ ವಾಕ್ಯದಲ್ಲಿ ಒಟ್ಟಿಗೆ ವಾಸಿಸುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯಲು ಬಾರದು.

ಅಮೆರಿಕದ ಕ್ಲಾಡ್ ಹಾಪ್‌ಕಿನ್ಸನು 1927ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಶ್ಲಿಟ್ಜ್ ಎಂಬ ಬಿಯರಿನ ವೃತ್ತಾಂತವನ್ನು ಹೇಳುತ್ತಾನೆ. ಆ ಕಾಲದ ಎಲ್ಲ ಬಿಯರಿನವರೂ “ಶುದ್ಧ” ಎಂದು ದಪ್ಪಕ್ಷರಗಳಲ್ಲಿ ಹಾಕಿಸುತ್ತಿದ್ದರು. ಅಕ್ಷರ ದಪ್ಪವಾದಷ್ಟೂ ಓದುಗರ ಮನಸ್ಸಿಗೆ ತಟ್ಟುವುದು ಕಡಮೆಯಾಗುತ್ತಿತ್ತು. ಹಾಪ್‌ಕಿನ್ಸನು ಕಾರ್ಖಾನೆಯೊಳಗೆ ಹೋಗಿ ನೋಡಿದನು: ಶೋಧಿಸಿದ ಗಾಳಿ ತುಂಬಿದ ಗಾಜಿನ ಕೋಣೆಗಳು, ಬಹಳ ಆಳದಿಂದ ನೀರೆತ್ತುವ ಬಾವಿಗಳು, ಮತ್ತೆ ಮತ್ತೆ ತೊಳೆಯಲ್ಪಡುವ ಬಾಟಲಿಗಳು. ಇದನ್ನೇಕೆ ಜನಕ್ಕೆ ಹೇಳುವುದಿಲ್ಲವೆಂದು ಕೇಳಿದಾಗ, ಇದರಲ್ಲೇನಿದೆ, ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂಬ ಉತ್ತರ ಬಂತು. ಅವನು ಅದನ್ನೇ ಬರೆದನು. ಐದನೆಯ ಸ್ಥಾನದಲ್ಲಿದ್ದ ಬಿಯರು ಕೆಲವೇ ತಿಂಗಳಲ್ಲಿ ಮೊದಲ ಸ್ಥಾನದ ಸಮೀಪಕ್ಕೆ ಬಂದಿತೆಂದು ಅವನ ಹೇಳಿಕೆ. ಇದರಲ್ಲಿ ಅನುಸರಿಸಬೇಕಾದುದೂ ಉಂಟು, ಎಚ್ಚರ ವಹಿಸಬೇಕಾದುದೂ ಉಂಟು. ಕೆಲಸ ನಡೆಯುವ ಜಾಗಕ್ಕೆ ಹೋಗಿ ಕಣ್ಣಿನಿಂದ ನೋಡಿ ಬರೆಯುವುದು ಅನುಸರಿಸಬೇಕಾದುದು. ಎಲ್ಲರೂ ಮಾಡುವುದನ್ನು ತಾನೊಬ್ಬನೇ ಮಾಡುತ್ತೇನೆಂಬ ಭಾವನೆ ಬರುವಂತೆ ಹೇಳುವುದು, ವಾಕ್ಯದಲ್ಲಿ ಸುಳ್ಳಿಲ್ಲದಿದ್ದರೂ, ಓದುಗರ ಮನಸ್ಸಿನಲ್ಲಿ ಸುಳ್ಳನ್ನು ಬಿತ್ತುವುದಾಗುತ್ತದೆ. “ನಾವು ಹೀಗೆ ಮಾಡುತ್ತೇವೆ” ಎನ್ನಬಹುದು. “ನಾವು ಮಾತ್ರ” ಎಂಬುದಕ್ಕೆ ಪುರಾವೆ ಬೇಕು.

ಈಗ ಗಾಣದ ಮನೆಗೆ ಬರೋಣ. ಬರಹಗಾರನಾದವನು ಅಲ್ಲಿ ಕೇಳಬೇಕಾದ ಪ್ರಶ್ನೆ, ನಿಮ್ಮ ಎಣ್ಣೆಯ ವಿಶೇಷವೇನು ಎಂಬುದಲ್ಲ. ಹಾಗೆ ಕೇಳಿದರೆ ಆ ಏಳು ಉದ್ಗಾರಗಳೇ ಮತ್ತೆ ಕೇಳಿಬರುತ್ತವೆ. ಬೀಜ ಎಲ್ಲಿಂದ ಬರುತ್ತದೆ, ಬಂದಮೇಲೆ ಅದಕ್ಕೆ ಏನು ಮಾಡುತ್ತೀರಿ, ಗಾಣಕ್ಕೆ ಎಷ್ಟು ಹಾಕುತ್ತೀರಿ, ಎಷ್ಟು ಎಣ್ಣೆ ಬರುತ್ತದೆ, ಬಂದ ಎಣ್ಣೆಯನ್ನು ಎಲ್ಲಿ ಇಡುತ್ತೀರಿ, ಎಷ್ಟು ದಿನ, ಆಮೇಲೆ ಏನು, ಗಿರಾಕಿಗಳು ಏನೆಂದು ದೂರುತ್ತಾರೆ — ಹೀಗೆ ಕೆಲಸದ ಹೆಜ್ಜೆಯನ್ನು ಹಿಡಿದು ಕೇಳಬೇಕು. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಫಲಕೊಡುವಂಥದು. ಅದನ್ನು ಮುಂದೆ ಹೇಳುತ್ತೇನೆ.

“ಕೊಲೆಸ್ಟ್ರಾಲ್ ಮುಕ್ತ” ಎಂಬುದನ್ನು ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಇದು ಸುಳ್ಳಲ್ಲ. ಕೊಲೆಸ್ಟ್ರಾಲು ಪ್ರಾಣಿಗಳ ದೇಹದಲ್ಲಿ ಹುಟ್ಟುವ ವಸ್ತು. ಬೀಜದಿಂದ ಬಂದ ಯಾವ ಎಣ್ಣೆಯಲ್ಲಿಯೂ ಗಣನೆಗೆ ಬರುವಷ್ಟು ಇರುವುದಿಲ್ಲ. ಪಕ್ಕದಲ್ಲಿರುವ ಅಗ್ಗದ ಎಣ್ಣೆಯಲ್ಲಿಯೂ ಇಲ್ಲ, ತಾಳೆ ಎಣ್ಣೆಯಲ್ಲಿಯೂ ಇಲ್ಲ. ಎಲ್ಲಕ್ಕೂ ಸಮಾನವಾದ ಗುಣವನ್ನು ಒಂದರ ಹಣೆಗೆ ತಿಲಕವಾಗಿ ಇಟ್ಟಾಗ, ಓದಿದವರು ಮಿಕ್ಕವುಗಳಲ್ಲಿ ಅದು ಇದೆಯೆಂದೇ ತಿಳಿಯುತ್ತಾರೆ. ಅಷ್ಟೇ ಅಲ್ಲ, ಇದನ್ನು ಎಷ್ಟು ತಿಂದರೂ ಬಾಧೆಯಿಲ್ಲವೆಂದು ಊಹಿಸುತ್ತಾರೆ. ಗಾಣದ್ದಾಗಲಿ ಕಾರ್ಖಾನೆಯದಾಗಲಿ, ಎಣ್ಣೆ ಒಂದು ಗ್ರಾಮಿಗೆ ಒಂಬತ್ತು ಕ್ಯಾಲೊರಿ ಶಕ್ತಿ ಕೊಡುವುದರಲ್ಲಿ ಭೇದವಿಲ್ಲ. ಆದುದರಿಂದ ಈ ನಿಜವನ್ನು ತಗ್ಗಿಸುವ ಬಗೆಯೆಂದರೆ ಅದನ್ನು ಪೂರ್ತಿಯಾಗಿ ಬಿಡುವುದು. ಬರಹಗಾರರಿಗೆ ಇದು ಒಪ್ಪಿಗೆಯಾಗುವುದು ಕಷ್ಟ. ನಿಜವಾದುದನ್ನು ಏಕೆ ಬಿಡಬೇಕೆಂದು ವಾದಿಸುತ್ತಾರೆ. ವಾಕ್ಯ ನಿಜವೋ ಎಂಬುದನ್ನಷ್ಟೇ ಅಲ್ಲದೆ, ಅದನ್ನು ಓದಿದವರು ನಂಬಿಕೊಂಡು ಹೋಗುವುದು ನಿಜವೋ ಎಂಬುದನ್ನೂ ನೋಡಬೇಕೆಂದು ನನ್ನ ದೃಢವಾದ ಅಭಿಪ್ರಾಯ.

“ಯಾವುದೇ ರಾಸಾಯನಿಕವಿಲ್ಲ” ಎಂಬುದು ಬೇರೆ ಜಾತಿಯ ಮಾತು. ಅದರ ಹಿಂದೆ ಒಂದು ಸಂಗತಿ ನಿಜವಾಗಿಯೂ ಇದೆ, ಆದರೆ ಹೇಳಿದ ರೀತಿಯಲ್ಲಿ ಅದು ಕಾಣುವುದಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಬೀಜವನ್ನೋ ಹಿಂಡಿಯನ್ನೋ ಹೆಕ್ಸೇನ್ ಎಂಬ ದ್ರಾವಕದಲ್ಲಿ ನೆನೆಸಿ ಎಣ್ಣೆಯನ್ನು ಪೂರ್ತಿ ಸೆಳೆಯುತ್ತಾರೆ. ಬಳಿಕ ಕ್ಷಾರದಿಂದ ಆಮ್ಲವನ್ನು ಕಳೆದು, ಬಣ್ಣ ಹೀರುವ ಜೇಡಿಮಣ್ಣಿನ ಮೂಲಕ ಹಾಯಿಸಿ, ಇನ್ನೂರು ಡಿಗ್ರಿಗೂ ಮೀರಿದ ಬಿಸಿಯಲ್ಲಿ ಹಬೆ ಹಾಯಿಸಿ ವಾಸನೆ ತೆಗೆಯುತ್ತಾರೆ. ಇದೇ ರಿಫೈನ್ ಮಾಡುವುದು. ಗಾಣದಲ್ಲಿ ಇವಾವುವೂ ಇಲ್ಲ: ಮರದ ಒರಳಿನಲ್ಲಿ ಒನಕೆ ತಿರುಗುತ್ತದೆ, ಬೀಜ ಜಜ್ಜಿ ಎಣ್ಣೆ ಒಸರುತ್ತದೆ, ಎಣ್ಣೆಯನ್ನು ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸುತ್ತಾರೆ. ಹಾಗಾದರೆ ಬರೆಯಬೇಕಾದುದು ಅದನ್ನೇ: “ದ್ರಾವಕ ಬಳಸುವುದಿಲ್ಲ, ಬಣ್ಣ ತೆಗೆಯುವುದಿಲ್ಲ, ವಾಸನೆ ತೆಗೆಯುವುದಿಲ್ಲ.” ಈ ಮೂರು ಸಣ್ಣ ವಾಕ್ಯಗಳು “ರಾಸಾಯನಿಕರಹಿತ” ಎಂಬ ದೊಡ್ಡ ಘೋಷಣೆಗಿಂತ ಎಷ್ಟೋ ಹೆಚ್ಚು ಕೆಲಸ ಮಾಡುತ್ತವೆ, ಏಕೆಂದರೆ ಬೇರೆಡೆ ಏನು ನಡೆಯುತ್ತದೆಂಬುದೂ ಅವುಗಳಿಂದಲೇ ಸೂಚಿತವಾಗುತ್ತದೆ, ಯಾರನ್ನೂ ಹಳಿಯಬೇಕಾಗುವುದಿಲ್ಲ.

ಆದರೆ ಪ್ರಾಮಾಣಿಕನಾದ ಬರಹಗಾರನು ಇಲ್ಲಿಗೇ ನಿಲ್ಲಲಾರನು. ಕಾರ್ಖಾನೆಯ ಶುದ್ಧೀಕರಣ ಬರಿಯ ಅಂದಕ್ಕಾಗಿ ನಡೆಯುವುದಲ್ಲ. ಕಡಲೆಕಾಯಿಗೆ ಒಂದು ಸಹಜವಾದ ಶತ್ರುವುಂಟು: ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ, ಅಥವಾ ಸರಿಯಾಗಿ ಒಣಗಿಸದೆ ಮೂಟೆ ಕಟ್ಟಿದರೆ, ಬೀಜದ ಮೇಲೆ ಬೂಷ್ಟು ಬೆಳೆದು ಅದರಿಂದ ಆಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಯಕೃತ್ತಿಗೆ ಅದು ಬಹಳ ಕೆಡುಕು ಮಾಡತಕ್ಕದ್ದು. ಕ್ಷಾರವೂ ಜೇಡಿಮಣ್ಣೂ ಈ ವಿಷವನ್ನು ಬಹುಮಟ್ಟಿಗೆ ತೆಗೆದುಬಿಡುತ್ತವೆ. ಗಾಣದ ಎಣ್ಣೆಗೆ ಆ ರಕ್ಷಣೆಯಿಲ್ಲ; ಬೀಜ ಕೆಟ್ಟಿದ್ದರೆ ಎಣ್ಣೆಗೂ ಕೇಡು ಬರುತ್ತದೆ. ಆದುದರಿಂದ ಗಾಣದ ಎಣ್ಣೆಯ ಗುಣವೆಲ್ಲ ನಿಜವಾಗಿ ನಿರ್ಧಾರವಾಗುವುದು ಒರಳಿನಲ್ಲಲ್ಲ, ಅದಕ್ಕೆ ಮುಂಚೆ, ಬೀಜವನ್ನು ಹರಡಿಕೊಂಡು ಕುಳಿತು ಕಪ್ಪಾದುದನ್ನೂ ಸುಕ್ಕಾದುದನ್ನೂ ಬೂಷ್ಟು ಹಿಡಿದುದನ್ನೂ ಆರಿಸಿ ಎಸೆಯುವ ಹೆಂಗಸರ ಕೈಯಲ್ಲಿ. ಒಳ್ಳೆಯ ಗಾಣದ ಮನೆಯಲ್ಲಿ ಈ ಆರಿಸುವ ಕೆಲಸಕ್ಕೆ ಎಣ್ಣೆ ತೆಗೆಯುವ ಕೆಲಸಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೂ ಸೀಸೆಯ ಮೇಲೆ ಇದರ ಸುಳಿವೇ ಇರುವುದಿಲ್ಲ! ಯಾವುದು ಹೇಳಲೇಬೇಕಾದುದೋ, ಯಾವುದಕ್ಕೆ ಕೊಳ್ಳುವವರು ಹೆಚ್ಚಿನ ಬೆಲೆಯನ್ನು ಸಂತೋಷದಿಂದ ಕೊಡುತ್ತಿದ್ದರೋ ಅದು “ಪರಿಶುದ್ಧ” ಎಂಬ ಕೂಗಿನ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. “ಬೂಷ್ಟು ಹಿಡಿದ, ಕಪ್ಪಾದ, ಸುಕ್ಕಾದ ಬೀಜವನ್ನು ಕೈಯಿಂದ ಆರಿಸಿ ತೆಗೆದ ಬಳಿಕವೇ ಗಾಣಕ್ಕೆ ಹಾಕುತ್ತೇವೆ” ಎಂಬ ವಾಕ್ಯ ಆ ಕೂಗಿನ ಜಾಗದಲ್ಲಿ ನಿಲ್ಲತಕ್ಕದ್ದು. ಪ್ರತಿಯೊಂದು ಲಾಟನ್ನೂ ಮಾನ್ಯತೆ ಪಡೆದ ಪ್ರಯೋಗಶಾಲೆಯಲ್ಲಿ ಆಫ್ಲಟಾಕ್ಸಿನ್ನಿಗಾಗಿ ಪರೀಕ್ಷೆ ಮಾಡಿಸುವುದು ನಿಜವಾದರೆ ಅದನ್ನೂ ಸೇರಿಸಬಹುದು. ವರ್ಷಕ್ಕೊಮ್ಮೆ ಮಾಡಿಸುವುದಾದರೆ ವರ್ಷಕ್ಕೊಮ್ಮೆ ಎಂದೇ ಬರೆಯಬೇಕು.

ಇನ್ನು ಬೆಲೆ. ಕೊಳ್ಳುವವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಇದು. ಜಾಹೀರಾತುಗಳು ಮುಖ ತಿರುಗಿಸುವುದೂ ಇದರಿಂದಲೇ. ಇದಕ್ಕೆ ಉತ್ತರ ಒಂದು ಸಾಧಾರಣವಾದ ಲೆಕ್ಕದಲ್ಲಿದೆ. ಕಡಲೆಬೀಜದ ತೂಕದಲ್ಲಿ ಸರಿಸುಮಾರು ಅರ್ಧದಷ್ಟು ಎಣ್ಣೆಯಿರುತ್ತದೆ. ಮರದ ಗಾಣ ಅದನ್ನು ಪೂರ್ತಿಯಾಗಿ ಹಿಂಡಲಾರದು, ಹಿಂಡಿಯಲ್ಲಿ ಒಂದಷ್ಟು ಉಳಿಯುತ್ತದೆ. ಆದುದರಿಂದ ಒಂದು ಲೀಟರು ಎಣ್ಣೆಗೆ, ಅಂದರೆ ಸುಮಾರು 910 ಗ್ರಾಮಿಗೆ, ಎರಡೂವರೆ ಕಿಲೋದಷ್ಟು ಬೀಜ ಬೇಕಾಗುತ್ತದೆ. ಬೀಜ ಕಿಲೋಗೆ 120 ರೂಪಾಯಿಯೆಂದು ಇಟ್ಟುಕೊಂಡರೆ ಬೀಜವೊಂದಕ್ಕೇ 300 ರೂಪಾಯಿ ಆಯಿತು. ಹಿಂಡಿಯನ್ನು ದನದ ಮೇವಿಗೆ ಮಾರಿ ಬಂದ ಹಣವನ್ನು ಅದರಲ್ಲಿ ಕಳೆದು, ಕೂಲಿ, ವಿದ್ಯುತ್ತು, ಸೀಸೆ, ಸಾಗಾಣಿಕೆ ಇವನ್ನು ಸೇರಿಸಬೇಕು. ದ್ರಾವಕದ ಕಾರ್ಖಾನೆಯಲ್ಲಿ ಹಿಂಡಿಯಲ್ಲಿ ಉಳಿಯುವ ಎಣ್ಣೆ ಅತ್ಯಲ್ಪ. ಅಲ್ಲಿ ಬೆಲೆ ತಗ್ಗುವುದಕ್ಕೆ ಇದೂ ಒಂದು ಕಾರಣ. “ಈ ಸೀಸೆಯ ಒಂದು ಲೀಟರಿಗೆ ಸುಮಾರು ಎರಡೂವರೆ ಕಿಲೋ ಕಡಲೆಬೀಜ ಹಿಡಿದಿದೆ” ಎಂದು ಒಂದು ಸಾಲು ಬರೆದರೆ ಸಾಕು, ಬೀಜದ ಬೆಲೆಯನ್ನು ಬಲ್ಲ ಯಾವ ಗೃಹಿಣಿಯೂ ಮಿಕ್ಕ ಲೆಕ್ಕವನ್ನು ಅಂಗಡಿಯಲ್ಲಿ ನಿಂತಲ್ಲೇ ಮಾಡಿಕೊಳ್ಳುತ್ತಾಳೆ. ಹೀಗೆ ಲೆಕ್ಕ ಹಾಕಿದ ಮೇಲೆ, ಬೀಜದ ಬೆಲೆಗಿಂತಲೂ ಕಡಮೆಗೆ ಯಾರಾದರೂ ಗಾಣದ ಎಣ್ಣೆ ಕೊಡುತ್ತೇವೆಂದರೆ ಅದರಲ್ಲಿ ಬೇರೆ ಎಣ್ಣೆ ಬೆರೆತಿರಬಹುದೆಂಬ ಸಂದೇಹವೂ ಅವಳಿಗೆ ತಾನಾಗಿಯೇ ಹುಟ್ಟುತ್ತದೆ. ಪ್ರತಿಸ್ಪರ್ಧಿಯ ಹೆಸರೆತ್ತದೆ ಅವನನ್ನು ಎದುರಿಸುವ ಇದಕ್ಕಿಂತ ಸಭ್ಯವಾದ ಮಾರ್ಗ ನನಗೆ ತಿಳಿಯದು.

ಗಿರಾಕಿಗಳ ದೂರುಗಳ ವಿಷಯಕ್ಕೆ ಬರುತ್ತೇನೆ. ಗಾಣದ ಎಣ್ಣೆಯನ್ನು ಹಿಂದಕ್ಕೆ ತರುವವರು ಸಾಮಾನ್ಯವಾಗಿ ಹೇಳುವುದು ಇವಿಷ್ಟು: ತಳದಲ್ಲಿ ಗಷ್ಟು ಕೂತಿದೆ, ಕಾಯಿಸಿದರೆ ನೊರೆ ಬರುತ್ತದೆ, ಬೇಗ ಹೊಗೆಯಾಡುತ್ತದೆ, ಮನೆಯೆಲ್ಲ ಕಡಲೆಕಾಯಿ ವಾಸನೆ, ಕೆಲವು ತಿಂಗಳಾದ ಮೇಲೆ ಕಮಟು ಹಿಡಿಯಿತು. ಇವುಗಳಲ್ಲಿ ಕೊನೆಯದು ಮಾತ್ರ ಕೆಟ್ಟದ್ದರ ಗುರುತು. ಅದೂ ಬೆಳಕು, ಗಾಳಿಗಳಿಂದ ಕಾಪಾಡದಿದ್ದುದರಿಂದ ಬಂದಿರಬಹುದು. ಮಿಕ್ಕವೆಲ್ಲ ಶುದ್ಧೀಕರಿಸದ ಎಣ್ಣೆಯ ಸ್ವಭಾವವೇ ಆಗಿವೆ. ಜಾಹೀರಾತು ಇವನ್ನು ಬಚ್ಚಿಟ್ಟುದರಿಂದ, ಅಮೃತವನ್ನು ನಿರೀಕ್ಷಿಸಿ ಸೀಸೆ ತೆರೆದವರಿಗೆ ಗಷ್ಟು ಕಂಡು ಮೋಸಹೋದೆನೆಂಬ ಭಾವನೆ ಬರುತ್ತದೆ. ಅದೇ ಸಂಗತಿಯನ್ನು ಮೊದಲೇ ಹೇಳಿದ್ದರೆ ಅವರಿಗೆ ಅದು ಅಸಲಿ ಮಾಲಿನ ಲಕ್ಷಣವಾಗಿ ಕಾಣುತ್ತಿತ್ತು. “ಬಣ್ಣ ವಾಸನೆ ತೆಗೆಯದಿರುವುದರಿಂದ ತಳದಲ್ಲಿ ತುಸು ಗಷ್ಟು ಕಾಣಬಹುದು; ಸಂಸ್ಕರಿಸಿದ ಎಣ್ಣೆಗಿಂತ ಬೇಗ ಹೊಗೆಯಾಡುತ್ತದೆ, ಕರಿಯುವಾಗ ಉರಿ ಸಣ್ಣದಿರಲಿ” ಎಂದು ಬರೆದಾಗ, ತನಗೆ ನಷ್ಟವಾಗಬಹುದಾದ ಮಾತನ್ನೂ ಆಡುವ ಮಾರಾಟಗಾರನು ಮಿಕ್ಕ ಮಾತನ್ನೂ ನಿಜವಾಗಿಯೇ ಆಡಿರಬೇಕೆಂದು ಓದಿದವರು ತೀರ್ಮಾನಿಸುತ್ತಾರೆ. ಆದರೆ ಮಿತಿಯನ್ನು ಹೇಳುವಾಗ ಒಂದು ಜಾಗರೂಕತೆ ಬೇಕು: ಅದು ನಿಜವಾದ ಮಿತಿಯಾಗಿರಬೇಕು. ವಿನಯದ ವೇಷ ಹಾಕಿಕೊಂಡ ಸ್ವಪ್ರಶಂಸೆ, ಎಂದರೆ “ನಮ್ಮ ಎಣ್ಣೆ ಬೇಗ ಖಾಲಿಯಾಗಿ ಹೋಗುತ್ತದೆಂಬುದೇ ನಮ್ಮ ಕೊರತೆ” ಎಂಬಂಥ ಮಾತು, ಅತಿಶಯೋಕ್ತಿಗಿಂತ ಹೆಚ್ಚು ಬೇಸರ ತರುತ್ತದೆ.

ಮಿತಿಯನ್ನು ಮೂಲೆಯಲ್ಲಿ ಇರುವೆಯ ಗಾತ್ರದ ಅಕ್ಷರಗಳಲ್ಲಿ ಹಾಕುವುದೂ ಸಲ್ಲದು. ಗ್ರಾಹಕರ ಹಿತರಕ್ಷಣೆಗಾಗಿ ಕೇಂದ್ರ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಒಂದು ಹೇಳಿಕೆಗೆ ಸೇರಿಸುವ ವಿವರಣೆ ಆ ಹೇಳಿಕೆಯ ಭಾಷೆಯಲ್ಲಿಯೇ ಇರಬೇಕು, ಎದ್ದುಕಾಣುವ ಜಾಗದಲ್ಲಿರಬೇಕು, ಮತ್ತು ಮೇಲಿನ ಹೇಳಿಕೆಯನ್ನು ಅಲ್ಲಗಳೆಯುವಂತೆ ಇರಬಾರದು. ಕನ್ನಡದಲ್ಲಿ ಕೂಗಿ ಇಂಗ್ಲಿಷಿನಲ್ಲಿ ಹಿಂದೆಗೆಯುವ ಪದ್ಧತಿ ನಮ್ಮಲ್ಲಿ ಬಹಳವಾಗಿ ಬೆಳೆದಿರುವುದರಿಂದ ಈ ಮಾತನ್ನು ವಿಶೇಷವಾಗಿ ನೆನಪಿಸಬೇಕಾಯಿತು.

ಮೇಲೆ ಹೇಳಿದ್ದನ್ನೆಲ್ಲ ಒಟ್ಟಿಗೆ ಇಟ್ಟು ನಮ್ಮ ಮಾದರಿಯನ್ನು ಮತ್ತೆ ಬರೆದರೆ ಹೀಗಾಗುತ್ತದೆ:

“ಒಗ್ಗರಣೆಗೆ ಇಟ್ಟೊಡನೆ ಹುರಿದ ಕಡಲೆಕಾಯಿಯ ಪರಿಮಳ ಬರುವ ಎಣ್ಣೆ. ಮರದ ಗಾಣದಲ್ಲಿ ತೆಗೆದದ್ದು. ಬೂಷ್ಟು ಹಿಡಿದ, ಕಪ್ಪಾದ, ಸುಕ್ಕಾದ ಬೀಜವನ್ನು ಕೈಯಿಂದ ಆರಿಸಿ ತೆಗೆದ ಬಳಿಕವೇ ಗಾಣಕ್ಕೆ ಹಾಕುತ್ತೇವೆ. ಈ ಒಂದು ಲೀಟರಿಗೆ ಸುಮಾರು ಎರಡೂವರೆ ಕಿಲೋ ಬೀಜ ಹಿಡಿದಿದೆ. ಮೂರು ದಿನ ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸಿದ್ದೇವೆ. ದ್ರಾವಕ ಬಳಸಿಲ್ಲ, ಬಣ್ಣ ತೆಗೆದಿಲ್ಲ, ವಾಸನೆ ತೆಗೆದಿಲ್ಲ. ಆದುದರಿಂದ ತಳದಲ್ಲಿ ತುಸು ಗಷ್ಟು ಕಾಣಬಹುದು. ಸಂಸ್ಕರಿಸಿದ ಎಣ್ಣೆಗಿಂತ ಬೇಗ ಹೊಗೆಯಾಡುತ್ತದೆ, ಕರಿಯುವಾಗ ಉರಿ ಸಣ್ಣದಿರಲಿ. ಪಲ್ಯ, ಚಿತ್ರಾನ್ನ, ಚಟ್ನಿಪುಡಿಗಳಿಗೆ ಚೆನ್ನಾಗಿ ಒಪ್ಪುತ್ತದೆ. ಬೆಳಕು ಬೀಳದ ಕಡೆ ಮುಚ್ಚಿಟ್ಟು, ಗಾಣದಿಂದ ತೆಗೆದ ದಿನದಿಂದ ಮೂರು ತಿಂಗಳೊಳಗೆ ಬಳಸಿ. ಆ ದಿನಾಂಕ ಮುಚ್ಚಳದ ಮೇಲಿದೆ. ಕಡಲೆಕಾಯಿ ಒಗ್ಗದವರು ಬಳಸಬಾರದು.”

ಇದರಲ್ಲಿ ಉದ್ಗಾರ ಚಿಹ್ನೆ ಒಂದೂ ಇಲ್ಲ, ಆದರೂ ಇದು ಮಾರಾಟದ ಮಾತೇ. ಮೊದಲ ವಾಕ್ಯವನ್ನು ಬೇಕೆಂದೇ ಪರಿಮಳಕ್ಕೆ ಕೊಟ್ಟಿದ್ದೇನೆ. ಪ್ರಾಮಾಣಿಕವಾಗಿ ಬರೆಯಹೊರಟವರು ಮಾಡುವ ಸಾಮಾನ್ಯವಾದ ತಪ್ಪೆಂದರೆ, ಸುಳ್ಳಿನೊಡನೆ ಸವಿಯನ್ನೂ ತೆಗೆದುಹಾಕಿ ಪ್ರಯೋಗಶಾಲೆಯ ವರದಿಯಂಥ ಬರಹವನ್ನು ಕೊಡುವುದು. ಎಣ್ಣೆ ಕೊಳ್ಳುವವರು ಅಡಿಗೆಯ ರುಚಿಗಾಗಿ ಕೊಳ್ಳುತ್ತಾರೆ. ಆ ರುಚಿಯನ್ನು ನೆನಪಿಗೆ ತರುವ ಒಂದು ವಾಕ್ಯ ಬೇಕೇ ಬೇಕು. ಅವರು ಮನೆಗೆ ಹೋಗಿ ತಾವೇ ಪರೀಕ್ಷಿಸಬಹುದಾದ ಮಾತಾಗಿರುವುದರಿಂದ ಅದರಲ್ಲಿ ವಂಚನೆಗೆ ಎಡೆಯಿಲ್ಲ. ಅಮೃತವೆಂಬುದನ್ನು ಯಾವ ಅಡಿಗೆಮನೆಯಲ್ಲಿಯೂ ಪರೀಕ್ಷಿಸಲಾಗದು. ಒಗ್ಗರಣೆಯ ಪರಿಮಳವನ್ನು ಸಾಸಿವೆ ಸಿಡಿಯುವಷ್ಟರಲ್ಲಿ ಪರೀಕ್ಷಿಸಬಹುದು. ಬರೆದ ಪ್ರತಿಯೊಂದು ವಾಕ್ಯದ ಮುಂದೆಯೂ, ಇದನ್ನು ಕೊಳ್ಳುವವರು ಹೇಗೆ ಪರೀಕ್ಷಿಸಿ ನೋಡಬಹುದೆಂದು ಕೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ. ಕೆಲವನ್ನು ಮೂಗಿನಿಂದ, ಕೆಲವನ್ನು ಲೆಕ್ಕದಿಂದ, ಕೆಲವನ್ನು ಗಾಣದ ಮನೆಗೇ ಬಂದು ನೋಡುವುದರಿಂದ. ಯಾವ ಬಗೆಯಲ್ಲಿಯೂ ಪರೀಕ್ಷಿಸಲಾಗದ ವಾಕ್ಯ ಉಳಿದಿದ್ದರೆ ಅದನ್ನು ಹೊಡೆದುಹಾಕುವುದೇ ಸರಿ.

ಈ ಒಕ್ಕಣೆಯಲ್ಲಿ “ಚಳ್ಳಕೆರೆ ಸೀಮೆಯ ಬೀಜ” ಎಂಬ ಮಾತು ಇಲ್ಲದಿರುವುದನ್ನು ಓದುಗರು ಗಮನಿಸಿರಬಹುದು. ಆ ಊರಿನ ಹೆಸರಿಗೆ ಎಣ್ಣೆಯ ವಿಷಯದಲ್ಲಿ ಬೆಲೆಯಿರುವುದರಿಂದ ಗಾಣದವರು ಅದನ್ನು ಅಚ್ಚುಹಾಕಿಸಲು ಆಸೆಪಡುತ್ತಾರೆ. ಸುಗ್ಗಿಯ ತಿಂಗಳುಗಳಲ್ಲಿ ಅದು ನಿಜವೂ ಆಗಿರುತ್ತದೆ. ಆದರೆ ಮಳೆ ಕೈಕೊಟ್ಟ ವರ್ಷ, ಅಥವಾ ಸ್ಥಳೀಯ ಬೀಜ ಮುಗಿದ ಬೇಸಗೆಯಲ್ಲಿ, ಅದೇ ಗಾಣಕ್ಕೆ ಗುಜರಾತಿನಿಂದಲೋ ಆಂಧ್ರದಿಂದಲೋ ಬೀಜ ಬರುತ್ತದೆ. ಅಚ್ಚಾದ ಲೇಬಲು ಮಾತ್ರ ಹಾಗೆಯೇ ಉಳಿದು, ಯಾರೂ ಸುಳ್ಳು ಹೇಳಬೇಕೆಂದು ಉದ್ದೇಶಿಸದಿದ್ದರೂ ಒಂದು ಸುಳ್ಳು ಸಾವಿರ ಸೀಸೆಗಳ ಮೇಲೆ ಹರಡಿಹೋಗುತ್ತದೆ. ಅದಕ್ಕಾಗಿಯೇ ಒಂದು ಹಂಗಾಮಿನಿಂದ ಇನ್ನೊಂದಕ್ಕೆ ಬದಲಾಗುವ ಸಂಗತಿಗಳನ್ನು, ಎಂದರೆ ಬೀಜದ ಊರನ್ನೂ ಗಾಣದಿಂದ ತೆಗೆದ ದಿನವನ್ನೂ ಪರೀಕ್ಷೆಯಾದ ತಾರೀಖನ್ನೂ, ಲೇಬಲಿನಲ್ಲಿ ಖಾಯಮ್ಮಾಗಿ ಅಚ್ಚುಹಾಕಿಸದೆ, ಲಾಟಿನ ಸಂಖ್ಯೆಯ ಜೊತೆಯಲ್ಲಿ ಮುಚ್ಚಳದ ಮೇಲೆ ಆಯಾ ಸಲಕ್ಕೆ ಮೊಹರು ಹೊಡೆಯುವುದು ವಾಸಿ. ಆ ಮೊಹರಿನ ಯಂತ್ರ ಕೈಯಲ್ಲಿ ಹಿಡಿಯುವಷ್ಟು ಸಣ್ಣದು. ಪ್ರತಿ ಲಾಟು ಸೋಸಿ ತುಂಬುವ ದಿನ ಅದರ ಅಕ್ಷರಗಳನ್ನು ಬದಲಾಯಿಸುವ ಕೆಲಸವನ್ನು ಯಾರಾದರೂ ಒಬ್ಬರಿಗೆ ಹೆಸರು ಹಿಡಿದು ವಹಿಸಿಕೊಟ್ಟಿರಬೇಕು. ವಹಿಸದಿದ್ದರೆ ಹಿಂದಿನ ಹಂಗಾಮಿನ ಊರೇ ಮುಂದಿನ ಹಂಗಾಮಿನ ಮುಚ್ಚಳದ ಮೇಲೂ ಬೀಳುತ್ತದೆ.